ಅಂಟಿಸಿದ ಮುಖ ಮಾತ್ರ ತೊಳೆದಿಟ್ಟಂತೆ ಕಾಣುವುದೇಕೆ? ಗ್ರೇನ್, ನಾಯ್ಸ್, ಶಾರ್ಪ್‌ನೆಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಸ್ಟುಡಿಯೊಗಳಲ್ಲಿ ಆಲ್ಬಂ ಕೆಲಸ ಮಾಡುವವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಬಣ್ಣ ಮತ್ತು ಬೆಳಕಿನ ದಿಕ್ಕನ್ನು ಹೊಂದಿಸುವುದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ಅದಾದ ಮೇಲೂ ಉಳಿಯುವ ತೊಂದರೆಯಷ್ಟೇ ಇಲ್ಲಿನ ವಿಷಯ.

ಉದಾಹರಣೆಗೆ ಒಂದೇ ಕೆಲಸವನ್ನು ಇಟ್ಟುಕೊಳ್ಳುತ್ತೇನೆ. ದಾವಣಗೆರೆಯ ಕಲ್ಯಾಣ ಮಂಟಪವೊಂದರಲ್ಲಿ ಆರತಕ್ಷತೆಯ ರಾತ್ರಿ ತೆಗೆದ ಗ್ರೂಪ್ ಫೋಟೊ. ಕ್ಯಾಮೆರಾ ಐಎಸ್ಒ 3200ರಲ್ಲಿತ್ತು, ಚಿತ್ರದ ಅಳತೆ 6000×4000 ಪಿಕ್ಸೆಲ್. ತೆಗೆದ ಎಲ್ಲ ಫ್ರೇಮುಗಳಲ್ಲೂ ಹುಡುಗಿಯ ಸೋದರಮಾವ ಕಣ್ಣು ಮುಚ್ಚಿದ್ದಾರೆ. ಅದೇ ದಿನ ಮಧ್ಯಾಹ್ನ ಮಂಟಪದ ಅಂಗಳದಲ್ಲಿ ಮೊಬೈಲಿನಲ್ಲಿ ತೆಗೆದ ಅವರ ಒಳ್ಳೆಯ ಫೋಟೊ ಇದೆ. ಆ ಮುಖವನ್ನು ಇಲ್ಲಿಗೆ ತರಬೇಕು.

## ಮೊದಲ ಹಂತದ ಪ್ರಶ್ನೆಗಳು

ಬಣ್ಣ, ಬೆಳಕು, ನೆರಳು ಎಲ್ಲ ಹೊಂದಿಸಿದ್ದೇನೆ. ಆದರೂ ನೋಡಿದವರು "ಇದು ಅಂಟಿಸಿದ್ದು" ಎಂದು ಥಟ್ಟನೆ ಹೇಳುತ್ತಾರೆ. ಏಕೆ?

ಹಳೆಯ ಗೋಡೆಗೆ ಒಂದು ಕಡೆ ಮಾತ್ರ ಸುಣ್ಣ ಬಳಿದಂತೆ ಮುಖದ ಜಾಗ ಸುತ್ತಲಿಗಿಂತ ಸ್ವಚ್ಛವಾಗಿದೆ, ಅದಕ್ಕೆ. ಮೊಬೈಲ್ ಫೋಟೊ ಚೆನ್ನಾಗಿರುವುದರಿಂದ ಹೀಗಾಯಿತು ಎಂದು ಬಹಳ ಮಂದಿ ಅಂದುಕೊಳ್ಳುತ್ತಾರೆ. ಅದು ಅರ್ಧ ಕಾರಣ ಮಾತ್ರ. ದೊಡ್ಡ ಕಾರಣವೆಂದರೆ ಮುಖವನ್ನು ಚಿಕ್ಕದು ಮಾಡಿದ್ದು.

ಮಾವನವರ ಮುಖ ಮೊಬೈಲ್ ಫೋಟೊದಲ್ಲಿ ಹಣೆಯಿಂದ ಗಲ್ಲದವರೆಗೆ ಸುಮಾರು 1320 ಪಿಕ್ಸೆಲ್ ಇದೆ, ಗ್ರೂಪ್ ಫೋಟೊದಲ್ಲಿ ಅದಕ್ಕೆ ಇರುವ ಜಾಗ 220 ಪಿಕ್ಸೆಲ್. ಅಂದರೆ ಆರು ಪಟ್ಟು ಕುಗ್ಗಿಸಬೇಕು. ಆಗ ಹೊಸ ಚಿತ್ರದ ಒಂದೊಂದು ಪಿಕ್ಸೆಲ್ಲೂ ಹಳೆಯ ಮೂವತ್ತಾರು ಪಿಕ್ಸೆಲ್‌ಗಳ ಸರಾಸರಿ. ಸರಾಸರಿ ತೆಗೆದರೆ ಏರುಪೇರು ಅಳಿಸಿಹೋಗುತ್ತದೆ. ಒಂದು ಪಿಕ್ಸೆಲ್ಲಿನ ನಾಯ್ಸ್‌ಗೂ ಪಕ್ಕದ್ದಕ್ಕೂ ಸಂಬಂಧವಿಲ್ಲದಿದ್ದರೆ ಅದು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಜೊತೆಗೆ, ದೊಡ್ಡ ಚಿತ್ರದಲ್ಲಿ ಆರು ಪಿಕ್ಸೆಲ್ ಅಗಲಕ್ಕೆ ಹರಡಿದ್ದ ಮಸುಕು ಅಂಚು ಈಗ ಒಂದೇ ಪಿಕ್ಸೆಲ್ಲಿನಲ್ಲಿ ಮುಗಿಯುತ್ತದೆ. ಹೀಗೆ ಒಂದೇ ಏಟಿಗೆ ಮುಖ ನಯವೂ ಆಯಿತು, ಹರಿತವೂ ಆಯಿತು. ಅದರ ಕೆಳಗಿರುವ ಕುತ್ತಿಗೆ ಮಾತ್ರ ಐಎಸ್ಒ 3200ರ ತರಿತರಿ ಕುತ್ತಿಗೆಯಾಗಿಯೇ ಉಳಿಯಿತು.

ಗ್ರೇನ್ ಮತ್ತು ನಾಯ್ಸ್ ಬೇರೆ ಬೇರೆಯೇ? ಹೆಸರು ಯಾವುದಾದರೇನು?

ಹೆಸರು ಯಾವುದಾದರೂ ಆಗಬಹುದು, ಆದರೆ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಗ್ರೇನ್ ಎಂದರೆ ಫಿಲಂನದ್ದು: ಕಪ್ಪುಬಿಳುಪಿನಲ್ಲಿ ಬೆಳ್ಳಿಯ ಕಣಗಳು, ಬಣ್ಣದ ಫಿಲಂನಲ್ಲಿ ಬಣ್ಣದ ಸಣ್ಣ ಮೋಡಗಳು. ಸ್ಕ್ಯಾನ್ ಮಾಡಿದಾಗ ಒಂದು ಕಣ ಹಲವು ಪಿಕ್ಸೆಲ್‌ಗಳಷ್ಟು ದಪ್ಪವಿರಬಹುದು, ಮತ್ತು ಅದು ಮಧ್ಯಮ ಬೆಳಕಿನ ಜಾಗಗಳಲ್ಲಿ ಹೆಚ್ಚು ಕಾಣುತ್ತದೆ. ನಾಯ್ಸ್ ಡಿಜಿಟಲ್ ಸೆನ್ಸರಿನದ್ದು. ಅದರ ಕಣ ಸಣ್ಣದು, ನೆರಳಿನಲ್ಲಿ ಹೆಚ್ಚು ಎದ್ದು ಕಾಣುತ್ತದೆ, ಬಣ್ಣದ ಚುಕ್ಕೆಗಳೂ ಬೆರೆತಿರುತ್ತವೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಇಡೀ ಗ್ರೂಪ್ ಫೋಟೊದ ನಾಯ್ಸ್ ತೆಗೆದುಬಿಟ್ಟರೆ ಎಲ್ಲ ಒಂದೇ ಸಮ ಆಗುವುದಿಲ್ಲವೇ ಸರ್? ಒಂದು ಮುಖಕ್ಕಾಗಿ ಇಷ್ಟು ಒದ್ದಾಟ ಏಕೆ?

ಆಗುವುದಿಲ್ಲ. ನಾಯ್ಸ್ ತೆಗೆಯುವ ಫಿಲ್ಟರ್ ನಾಯ್ಸ್ ಇದ್ದ ಕಡೆ ವಿವರವನ್ನೂ ಒರೆಸುತ್ತದೆ. ರೇಷ್ಮೆ ಸೀರೆಯ ಜರಿ, ಹೆರಳಿನ ಮಲ್ಲಿಗೆ, ಹಿರಿಯರ ಕಣ್ಣಂಚಿನ ಸುಕ್ಕು ಎಲ್ಲ ಮೇಣದಂತಾಗುತ್ತವೆ. ಮೊದಲೇ ಸ್ವಚ್ಛವಾಗಿದ್ದ ಮಾವನವರ ಮುಖ ಮಾತ್ರ ವಿವರ ಉಳಿಸಿಕೊಂಡು ಇನ್ನಷ್ಟು ಎದ್ದು ಕಾಣುತ್ತದೆ. ಮೂವತ್ತು ಜನರ ಮುಖ ಕೆಡಿಸಿ ಒಬ್ಬರ ಮುಖ ಹೊಂದಿಸುವ ಈ ದಾರಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಹೊಸದಾಗಿ ಬಂದವರೇ ಮನೆಯ ರೀತಿಗೆ ಹೊಂದಿಕೊಳ್ಳಲಿ.

## ಕೆಲಸಕ್ಕೆ ಕುಳಿತಾಗ

ಮೊದಲು ಬ್ಲರ್ ಮಾಡಬೇಕೋ, ಮೊದಲು ನಾಯ್ಸ್ ಹಾಕಬೇಕೋ?

ಮೊದಲು ಅಳತೆ, ಆಮೇಲೆ ಬಣ್ಣ, ಆಮೇಲೆ ಬ್ಲರ್, ಕೊನೆಗೆ ನಾಯ್ಸ್. ಈ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಾಯ್ಸ್ ಹಾಕಿ ಆಮೇಲೆ ಬ್ಲರ್ ಮಾಡಿದರೆ ಹಾಕಿದ ನಾಯ್ಸನ್ನು ಬ್ಲರ್ ತಿಂದುಹಾಕುತ್ತದೆ. ನಾಯ್ಸ್ ಹಾಕಿದ ಮೇಲೆ "ತಲೆ ಸ್ವಲ್ಪ ದೊಡ್ಡದಾಯಿತು" ಎಂದು ಕುಗ್ಗಿಸಿದರೆ ಕಣವೂ ಕುಗ್ಗುತ್ತದೆ. ಮುಖವನ್ನು ಎರಡು ಡಿಗ್ರಿ ತಿರುಗಿಸಿದರೂ ಸಾಕು, ಪಿಕ್ಸೆಲ್‌ಗಳು ಮತ್ತೆ ಬೆರೆತು ಕಣ ಮಂಕಾಗುತ್ತದೆ. ಆದ್ದರಿಂದ ಮುಖದ ಅಳತೆ ಮತ್ತು ಓರೆ ಸರಿಯಿದೆ ಎಂದು ಮನೆಯವರು ಒಪ್ಪುವವರೆಗೆ ನಾಯ್ಸ್ ತಂಟೆಗೇ ಹೋಗಬೇಡಿ.

ಫೋಟೊಶಾಪ್‌ನಲ್ಲಿ ಮುಖದ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಳ್ಳಿ, ನಾಯ್ಸನ್ನು ಬೇರೆ ಲೇಯರಿನಲ್ಲಿ ಇಡಿ. ಆಗ ಬ್ಲರ್ ಬದಲಿಸಿದರೂ ನಾಯ್ಸ್ ಕೆಡುವುದಿಲ್ಲ.

ಎಷ್ಟು ಬ್ಲರ್ ಮಾಡಬೇಕು? ಒಮ್ಮೆ ಕಡಿಮೆಯಾಗುತ್ತದೆ, ಇನ್ನೊಮ್ಮೆ ಮುಖ ಮಂಜಾಗುತ್ತದೆ.

ಕಣ್ಣಳತೆಗೆ ಬಿಡದೆ ಅಂಚುಗಳನ್ನು ಎಣಿಸಿ. ಚಿತ್ರವನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ಮಾವನವರ ಬಿಳಿ ಅಂಗಿಯ ಕಾಲರು ಕುತ್ತಿಗೆಗೆ ತಾಗುವ ಜಾಗ ನೋಡಿ. ಬಿಳಿಯಿಂದ ಕಂದಿಗೆ ಬಣ್ಣ ತಿರುಗಲು ಎಷ್ಟು ಪಿಕ್ಸೆಲ್ ಹಿಡಿಯುತ್ತದೆ? ನಮ್ಮ ಉದಾಹರಣೆಯಲ್ಲಿ ಸುಮಾರು ನಾಲ್ಕು. ಈಗ ಅಂಟಿಸಿದ ಮುಖದಲ್ಲಿ ಅಷ್ಟೇ ಗಟ್ಟಿಯಾದ ಅಂಚು ಹುಡುಕಿ. ಕನ್ನಡಕದ ಕಟ್ಟು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಲ್ಲಿ ಎರಡೇ ಪಿಕ್ಸೆಲ್ ಇದೆ. `Filter > Blur > Gaussian Blur` ತೆರೆದು 0.5ರಿಂದ ಆರಂಭಿಸಿ, 0.1ರಂತೆ ಏರಿಸುತ್ತ ಆ ಅಂಚೂ ನಾಲ್ಕಕ್ಕೆ ಬರುವವರೆಗೆ ಹೋಗಿ. ಇಂಥ ಕೆಲಸಗಳಲ್ಲಿ ಒಂದು ಪಿಕ್ಸೆಲ್ ಆಚೀಚೆಯೇ ಮುಗಿಯುತ್ತದೆ. ಮೂರು, ನಾಲ್ಕು ಎಂದು ಏರುತ್ತಿದ್ದರೆ ತಪ್ಪು ಬೇರೆಲ್ಲೋ ಇದೆ.

ಇನ್ನೊಂದು ಗುರುತು ಕಣ್ಣಿನ ಹೊಳಪಿನ ಚುಕ್ಕೆ. ಪಕ್ಕದಲ್ಲಿ ನಿಂತವರ ಕಣ್ಣಿನಲ್ಲಿ ಅದು ಮೂರು ಪಿಕ್ಸೆಲ್ಲಿನ ಬೂದುಬಿಳಿ ಕಲೆಯಾಗಿದ್ದು ಮಾವನವರ ಕಣ್ಣಿನಲ್ಲಿ ಮಾತ್ರ ಒಂದೇ ಪಿಕ್ಸೆಲ್ಲಿನ ಚೂಪು ಬಿಳಿ ಚುಕ್ಕೆಯಾಗಿದ್ದರೆ ಬ್ಲರ್ ಇನ್ನೂ ಸಾಲದು.

ಹೋಲಿಕೆಗೆ ಅದೇ ಸಾಲಿನವರನ್ನೇ ತೆಗೆದುಕೊಳ್ಳಿ. ಮುಂದಿನ ಸಾಲಿನಲ್ಲಿ ಕುಳಿತ ಮದುಮಕ್ಕಳ ಮೇಲೆ ಫೋಕಸ್ ಇರುತ್ತದೆ, ಮೂರನೇ ಸಾಲಿನವರು ಸ್ವಲ್ಪ ಮಸುಕಾಗಿಯೇ ಇರುತ್ತಾರೆ. ಮಸುಕು ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಕೈ ನಡುಗಿದ್ದು. ಅದಕ್ಕೆ `Motion Blur` ಬೇಕು, ಕೋನವನ್ನು ಪಕ್ಕದವರ ಕಣ್ಣಿನ ಚುಕ್ಕೆ ಎಳೆದಿರುವ ದಿಕ್ಕೇ ಹೇಳುತ್ತದೆ.

ಕುಗ್ಗಿಸುವಾಗಲೇ ಒಂದು ಕಳ್ಳ ಹರಿತ ಸೇರಿಕೊಳ್ಳುವುದನ್ನೂ ಗಮನಿಸಿ. ಫೋಟೊಶಾಪ್‌ನಲ್ಲಿ `Bicubic Automatic` ಎಂದಿದ್ದರೆ ಕುಗ್ಗಿಸುವಾಗ ಅದು ತಾನಾಗಿಯೇ ಅಂಚುಗಳನ್ನು ಚೂಪು ಮಾಡುತ್ತದೆ. `Free Transform` ಮಾಡುವಾಗ ಮೇಲಿನ ಪಟ್ಟಿಯಲ್ಲಿ `Bicubic` ಅಥವಾ `Bilinear` ಆರಿಸಿಕೊಂಡರೆ ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

ನಾಯ್ಸ್ ಅಂದಾಜಿನಲ್ಲಿ ಹಾಕುತ್ತೇನೆ, ಪ್ರತಿ ಸಲ ಬೇರೆ ಬೇರೆ ಬರುತ್ತದೆ. ಅಳೆಯಲು ಏನಾದರೂ ದಾರಿ ಇದೆಯೇ?

ಇದೆ, ಮತ್ತು ಅದು ಎಲ್ಲರ ಕಂಪ್ಯೂಟರಿನಲ್ಲೂ ಬಿದ್ದಿದೆ. ಫೋಟೊಶಾಪ್‌ನಲ್ಲಿ `Window > Histogram` ತೆರೆದು ಅದರ ಮೆನುವಿನಲ್ಲಿ `Expanded View` ಆರಿಸಿ. ಕೆಳಗೆ `Std Dev` ಎಂಬ ಅಂಕಿ ಕಾಣುತ್ತದೆ. ನೀವು ಆಯ್ದ ಜಾಗದ ಪಿಕ್ಸೆಲ್‌ಗಳು ತಮ್ಮ ಸರಾಸರಿಯಿಂದ ಎಷ್ಟು ಏರುಪೇರಾಗಿವೆ ಎಂಬುದನ್ನು ಅದು ಹೇಳುತ್ತದೆ. ಸಮತಟ್ಟಾದ ಚರ್ಮದ ಮೇಲೆ ಆ ಏರುಪೇರೇ ನಾಯ್ಸ್. ಗಿಂಪ್‌ನಲ್ಲೂ ಹಿಸ್ಟೊಗ್ರಾಂ ಕಿಟಕಿಯಲ್ಲಿ ಇದೇ ಅಂಕಿ ಇದೆ. ಅಲ್ಲಿ ಅದು ಆಯ್ದ ಲೇಯರಿನದ್ದಷ್ಟೇ ಆದ್ದರಿಂದ ಮೊದಲು `Layer > New from Visible` ಮಾಡಿ ಅಳೆಯಿರಿ.

ನಮ್ಮ ಚಿತ್ರದಲ್ಲಿ ಅಳತೆಗೆ ಮಾವನವರ ಕುತ್ತಿಗೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದೇ ಚರ್ಮ, ಅದೇ ಬೆಳಕು, ಮುಖದ ಪಕ್ಕದಲ್ಲೇ ಇದೆ. ಗೆರೆ, ನೆರಳಿನ ಇಳಿಜಾರು ಇಲ್ಲದ ಕಡೆ 20×20 ಪಿಕ್ಸೆಲ್ ಚೌಕ ಆಯ್ದು ನೋಡಿ. ಇಳಿಜಾರು ಸೇರಿಕೊಂಡರೆ ಅಂಕಿ ಸುಳ್ಳೇ ಹೆಚ್ಚಾಗಿ ತೋರುತ್ತದೆ. ಅಲ್ಲಿ 7.2 ಬಂತು ಎನ್ನಿ. ಅಂಟಿಸಿ ಬ್ಲರ್ ಮಾಡಿದ ಹಣೆಯ ಮೇಲೆ ಅಷ್ಟೇ ಚೌಕದಲ್ಲಿ 1.6. ಹಾಗಾದರೆ ಎಷ್ಟು ಸೇರಿಸಬೇಕು? 7.2ರಿಂದ 1.6 ಕಳೆದು 5.6 ಎನ್ನುವುದು ತಪ್ಪು. ಸಂಬಂಧವಿಲ್ಲದ ಎರಡು ನಾಯ್ಸ್‌ಗಳು ವರ್ಗದ ಲೆಕ್ಕದಲ್ಲಿ ಕೂಡುತ್ತವೆ:

```
√(7.2² − 1.6²) = √(51.84 − 2.56) ≈ 7.0
```

ಅಂದರೆ ಮುಖದಲ್ಲಿ ಉಳಿದಿದ್ದ ಸಣ್ಣ ನಾಯ್ಸ್ ಲೆಕ್ಕಕ್ಕೇ ಇಲ್ಲ, ಹೆಚ್ಚುಕಡಿಮೆ ಪೂರ್ತಿ ನಾವೇ ಸೇರಿಸಬೇಕು. "ಸ್ವಲ್ಪ ಇದೆಯಲ್ಲ, ಸ್ವಲ್ಪ ಹಾಕಿದರೆ ಸಾಕು" ಎಂದು ಹಾಕಿದವರ ಕೆಲಸ ಯಾವಾಗಲೂ ಕಡಿಮೆ ಬೀಳುವುದು ಇದಕ್ಕೇ.

ಹಾಕುವ ವಿಧಾನ ಹೀಗೆ. `Alt` ಒತ್ತಿಕೊಂಡು ಹೊಸ ಲೇಯರ್ ಗುಂಡಿ ಒತ್ತಿ. ಮೋಡ್ `Linear Light` ಆರಿಸಿ, 50 ಪ್ರತಿಶತ ಬೂದು ತುಂಬುವ ಗುರುತು ಹಾಕಿ, ಮುಖದ ಲೇಯರಿಗೆ ಕ್ಲಿಪ್ ಮಾಡಿ. ಅದರ ಮೇಲೆ `Filter > Noise > Add Noise`, `Gaussian`, `Monochromatic`. ಅಲ್ಲಿನ ಪ್ರತಿಶತಕ್ಕೂ ನಮ್ಮ 7.0ಕ್ಕೂ ನೇರ ಸಂಬಂಧ ಹುಡುಕಬೇಡಿ. 10 ಎಂದು ಕೊಟ್ಟು, ಲೇಯರಿನ ಒಪಾಸಿಟಿಯನ್ನು ಏರಿಳಿಸುತ್ತ ಹಣೆಯ ಚೌಕ 7.2 ತೋರುವವರೆಗೆ ಸರಿಪಡಿಸಿ. ಹಿಸ್ಟೊಗ್ರಾಂ ಮೂಲೆಯಲ್ಲಿ ಎಚ್ಚರಿಕೆಯ ತ್ರಿಕೋನ ಕಂಡರೆ ಅದನ್ನು ಒತ್ತಿ; ಇಲ್ಲದಿದ್ದರೆ ಹಳೆಯ ಅಂಕಿಯನ್ನೇ ನೋಡುತ್ತಿರುತ್ತೀರಿ.

ಅಂಕಿ ಸರಿಯಾಗಿ ಕೂತಿದೆ. ಆದರೂ ನಾನು ಹಾಕಿದ ನಾಯ್ಸ್ ಕಣ್ಣಿಗೆ ಚುಚ್ಚುತ್ತದೆ, ಪಕ್ಕದವರದ್ದು ಚುಚ್ಚುವುದಿಲ್ಲ.

ಪ್ರಮಾಣ ಸರಿಯಿದೆ, ಕಣದ ಗಾತ್ರ ಸರಿಯಿಲ್ಲ. `Add Noise` ಕೊಡುವುದು ಒಂದೊಂದು ಪಿಕ್ಸೆಲ್ಲಿಗೂ ಬಿಡಿಬಿಡಿಯಾದ ನಾಯ್ಸ್. ಕ್ಯಾಮೆರಾದ ನಾಯ್ಸ್ ಹಾಗಿರುವುದಿಲ್ಲ. ಸೆನ್ಸರಿನ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ, ಉಳಿದ ಎರಡನ್ನು ಅಕ್ಕಪಕ್ಕದಿಂದ ಊಹಿಸಿ ತುಂಬಲಾಗುತ್ತದೆ. ಹೀಗೆ ತುಂಬುವಾಗ ನಾಯ್ಸ್ ಪಕ್ಕದ ಪಿಕ್ಸೆಲ್‌ಗೂ ಹರಡಿ ಸ್ವಲ್ಪ ದಪ್ಪವಾಗುತ್ತದೆ. ನಾಯ್ಸ್ ಲೇಯರಿಗೆ 0.4ರಿಂದ 0.6ರಷ್ಟು ಗಾಸಿಯನ್ ಬ್ಲರ್ ಕೊಡಿ. ಆಗ ಅಂಕಿ ಇಳಿಯುತ್ತದೆ, ಒಪಾಸಿಟಿ ಏರಿಸಿ ಮತ್ತೆ 7.2ಕ್ಕೆ ತನ್ನಿ.

ಇಷ್ಟಾದ ಮೇಲೂ ಬೇರೆಯಾಗಿ ಕಂಡರೆ `Ctrl+5` ಒತ್ತಿ ನೀಲಿ ಚಾನೆಲ್ ಮಾತ್ರ ನೋಡಿ. ಹಳದಿ ಬಲ್ಬುಗಳ ಮಂಟಪದಲ್ಲಿ ನೀಲಿ ಬೆಳಕು ಕಡಿಮೆ. ವೈಟ್ ಬ್ಯಾಲೆನ್ಸ್ ಅದನ್ನು ಎತ್ತಿ ಹಿಗ್ಗಿಸುವಾಗ ನಾಯ್ಸೂ ಹಿಗ್ಗುತ್ತದೆ. ಕುತ್ತಿಗೆಯ ನೀಲಿಯಲ್ಲಿ ದಪ್ಪ ದಪ್ಪ ಕಲೆಗಳಿದ್ದು ಮುಖದ ನೀಲಿ ಸಣ್ಣ ಕಣವಾಗಿದ್ದರೆ, ಇನ್ನೊಂದು ಲೇಯರಿನಲ್ಲಿ `Monochromatic` ತೆಗೆದು ಬಣ್ಣದ ನಾಯ್ಸ್ ಹಾಕಿ, ಅದಕ್ಕೆ 1.5ರಿಂದ 2ರಷ್ಟು ಬ್ಲರ್ ಕೊಟ್ಟು, ಒಪಾಸಿಟಿ ತೀರಾ ಕಡಿಮೆ ಇಡಿ. `Ctrl+2` ಒತ್ತಿದರೆ ಪೂರ್ಣ ಬಣ್ಣಕ್ಕೆ ಮರಳುತ್ತೀರಿ.

ಗಲ್ಲದ ಕೆಳಗಿನ ನೆರಳನ್ನು ಬೇರೆಯಾಗಿ ಅಳೆಯಿರಿ. ಕುತ್ತಿಗೆಯ ಬೆಳಕಿನ ಜಾಗದಲ್ಲಿ 7.2 ಇದ್ದರೆ ನೆರಳಿನಲ್ಲಿ 9 ಇರಬಹುದು. ನಾಯ್ಸ್ ಲೇಯರಿನ ಪ್ರತಿ ತೆಗೆದು ಮಾಸ್ಕ್ ಹಾಕಿ ನೆರಳಿನಲ್ಲಿ ಮಾತ್ರ ಬಿಟ್ಟುಕೊಳ್ಳಿ.

## ಪಳಗಿದವರ ಪ್ರಶ್ನೆಗಳು

ಮುಖದೊಳಗೆ ಸರಿ ಇದೆ, ಹೊರಗೆ ಸರಿ ಇದೆ. ಆದರೆ ಮುಖದ ಸುತ್ತ ನಯವಾದ ಉಂಗುರದಂತೆ ಏನೋ ಕಾಣುತ್ತದೆ. ಏನದು?

ಇದನ್ನು ಗುರುತಿಸಿದವರ ಕಣ್ಣು ಚುರುಕಾಗಿದೆ ಎಂದೇ ಅರ್ಥ. ತಪ್ಪು ಮಾಸ್ಕಿನ ಮೃದು ಅಂಚಿನದ್ದು. ಅಂಚಿನ ನಟ್ಟನಡುವೆ ಅರ್ಧ ಹೊಸ ಮುಖ, ಅರ್ಧ ಹಳೆಯ ಚಿತ್ರ ಬೆರೆತಿರುತ್ತದೆ. ಎರಡರಲ್ಲೂ ನಾಯ್ಸ್ 7.2 ಇದ್ದರೂ, ಸಂಬಂಧವಿಲ್ಲದ ಎರಡು ನಾಯ್ಸ್‌ಗಳನ್ನು ಅರ್ಧರ್ಧ ಬೆರೆಸಿದರೆ ಉಳಿಯುವುದು 0.71 ಪಟ್ಟು, ಅಂದರೆ 5.1 ಮಾತ್ರ. ಮಾಸ್ಕಿಗೆ ಹದಿನೈದು ಪಿಕ್ಸೆಲ್ ಫೆದರ್ ಕೊಟ್ಟಿದ್ದರೆ ಅಷ್ಟಗಲದ ನಯವಾದ ಪಟ್ಟಿ ಮುಖವನ್ನು ಸುತ್ತುವರಿಯುತ್ತದೆ. ಮೃದು ಬ್ರಷ್ಷಿನಿಂದ ಕ್ಲೋನ್ ಮಾಡಿದ ಕಡೆ ಚರ್ಮ ಮಂಕಾಗುವುದೂ ಇದೇ ಕಾರಣಕ್ಕೆ.

ಮೊದಲ ಮದ್ದು ಮಾಸ್ಕನ್ನು ಬಿಗಿ ಮಾಡುವುದು. ದವಡೆಯ ಗೆರೆ, ಕೂದಲಂಚು, ಕಿವಿಯ ಮುಂಭಾಗ ಹೀಗೆ ಮೊದಲೇ ಗಡಿ ಇರುವ ಕಡೆ ಮಾಸ್ಕ್ ಓಡಿಸಿದರೆ ಒಂದೆರಡು ಪಿಕ್ಸೆಲ್ ಫೆದರ್ ಸಾಕು. ಕುತ್ತಿಗೆಯ ನಡುವೆಯೇ ಬೆಸುಗೆ ಬರುವುದು ಅನಿವಾರ್ಯವಾದರೆ, ಆ ಪಟ್ಟಿಯಲ್ಲಿ ಮಾತ್ರ ಎರಡೂ ಬದಿಯ ನಾಯ್ಸನ್ನು ಒರೆಸಿ ನಯಮಾಡಿ, ಎಲ್ಲ ಲೇಯರುಗಳ ಮೇಲೆ ಕ್ಲಿಪ್ ಮಾಡದ ಒಂದೇ ನಾಯ್ಸ್ ಲೇಯರ್ ಹೊದಿಸಿ. ಬೆರೆತ ಮೇಲೆ ಬಿದ್ದ ನಾಯ್ಸ್ ಕುಗ್ಗುವುದಿಲ್ಲ.

ಅಜ್ಜನ ಕಾಲದ ಪ್ರಿಂಟ್ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದಾರೆ. ಆ ಗ್ರೇನ್ ಯಾವ ಫಿಲ್ಟರಿನಲ್ಲೂ ಬರುತ್ತಿಲ್ಲ.

ಫಿಲ್ಟರ್ ಬಿಡಿ, ಆ ಫೋಟೊದಿಂದಲೇ ಗ್ರೇನ್ ಕಿತ್ತು ತನ್ನಿ. ರಟ್ಟಿನ ಮೇಲೆ "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಎಂಬ ಸ್ಟುಡಿಯೊ ಮುದ್ರೆ ಇದ್ದರೆ, ಅದು 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ಮುಂಚಿನ ರಟ್ಟು. ಒಳಗಿರುವುದು ಫಿಲಂ ಎಂದು ಕಣ್ಣುಮುಚ್ಚಿ ಹೇಳಬಹುದು. ಅಲ್ಲಿ ಗ್ರೇನ್ ಒಂದೇ ಅಲ್ಲ, ಕಾಗದದ ಉಬ್ಬುತಗ್ಗಿನ ನೇಯ್ಗೆಯೂ ಸ್ಕ್ಯಾನಿನಲ್ಲಿ ಬಂದಿರುತ್ತದೆ. ಅದನ್ನು ಕೃತಕವಾಗಿ ಹುಟ್ಟಿಸಲು ಹೋಗುವುದು ದಂಡ.

ಗಿಂಪ್‌ನಲ್ಲಿ ಇದಕ್ಕೆಂದೇ ಎರಡು ಮೋಡ್‌ಗಳಿವೆ. ಸ್ಕ್ಯಾನಿನ ಲೇಯರಿಗೆ ಒಂದು ಪ್ರತಿ ಮಾಡಿ, ಮೇಲಿನದಕ್ಕೆ ಕಣ ಪೂರ್ತಿ ಮಾಯವಾಗುವಷ್ಟು, ಆರು ಪಿಕ್ಸೆಲ್ ಸುತ್ತಮುತ್ತ, ಬ್ಲರ್ ಕೊಟ್ಟು ಮೋಡ್ `Grain extract` ಮಾಡಿ. ಈಗ ಕಾಣುವ ಬೂದು ಚಿತ್ರದಲ್ಲಿ ಕಣ ಮತ್ತು ಅಂಚುಗಳು ಮಾತ್ರ ಉಳಿದಿರುತ್ತವೆ. `New from Visible` ಮಾಡಿ, ಹಿಂದಿನ ಪರದೆಯಂಥ ಖಾಲಿ ಜಾಗದಿಂದ ಮುಖಕ್ಕಿಂತ ದೊಡ್ಡ ತುಂಡು ಕತ್ತರಿಸಿ, ಅಂಟಿಸಿದ ಮುಖದ ಮೇಲಿಟ್ಟು ಮೋಡ್ `Grain merge` ಮಾಡಿ. ಫೋಟೊಶಾಪ್‌ನಲ್ಲಾದರೆ ಆ ತುಂಡಿಗೆ `Filter > Other > High Pass` ಕೊಟ್ಟು `Linear Light` ಮೋಡಿನಲ್ಲಿ 50 ಪ್ರತಿಶತ ಒಪಾಸಿಟಿ ಇಟ್ಟರೆ ಅದೇ ಫಲ.

ತುಂಡು ತೆಗೆಯುವ ಜಾಗದ ಬೆಳಕು ಚರ್ಮದ ಬೆಳಕಿಗೆ ಹತ್ತಿರವಿರಲಿ. ಕಡುಗಪ್ಪು ಪರದೆಯ ಗ್ರೇನ್ ಮುಖಕ್ಕೆ ಸಾಲದು. ಸಣ್ಣ ತುಂಡನ್ನು ಅಕ್ಕಪಕ್ಕ ಜೋಡಿಸಿ ಹಿಗ್ಗಿಸಲೂ ಬೇಡಿ, ಒಂದೇ ಕಲೆ ಎರಡು ಕೆನ್ನೆಯ ಮೇಲೂ ಬಂದುಬಿಡುತ್ತದೆ.

ಮೂಲ ಗ್ರೂಪ್ ಫೋಟೊವೇ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು. ಅದರಲ್ಲಿ ಗ್ರೇನೂ ಇಲ್ಲ, ನಾಯ್ಸೂ ಇಲ್ಲ, ಚೌಕ ಚೌಕ ಇದೆ. ಇದಕ್ಕೆ ಏನು ಹೊಂದಿಸಲಿ?

ಆ ಚೌಕಗಳನ್ನೇ ಹೊಂದಿಸಬೇಕು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಒತ್ತುತ್ತದೆ, ಬಣ್ಣವನ್ನು ಬಹಳ ಸಲ ಅರ್ಧ ವಿವರದಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಇದು ಚೆನ್ನಾಗಿ ಕಾಣುವುದು ಹೆಂಗಸರ ಹಣೆಯ ಕುಂಕುಮದಲ್ಲಿ: ಹಳೆಯ ಮುಖಗಳಲ್ಲಿ ಕೆಂಪು ಅಂಚು ದಾಟಿ ಚರ್ಮಕ್ಕೆ ಸೋರಿರುತ್ತದೆ, ಅಂಟಿಸಿದ ಮುಖದಲ್ಲಿ ಮಾತ್ರ ಕತ್ತರಿಸಿಟ್ಟ ಹಾಗೆ ಗುಂಡಗಿರುತ್ತದೆ.

ಮುಖವನ್ನು ಅದರ ಜಾಗದಲ್ಲಿ ಕೂರಿಸಿ, ಬ್ಲರ್ ಹೊಂದಿಸಿದ ಮೇಲೆ ಇಡೀ ಚಿತ್ರದ ಒಂದು ಪ್ರತಿಯನ್ನು ಕಡಿಮೆ ಗುಣಮಟ್ಟದ ಜೆಪೆಗ್ ಆಗಿ ಉಳಿಸಿ. ಫೋಟೊಶಾಪ್‌ನ `Save a Copy`ಯಲ್ಲಿ, ಹಳೆಯ ಆವೃತ್ತಿಗಳಲ್ಲಾದರೆ `Save As`ನಲ್ಲಿ, `Quality` 6 ಅಥವಾ ಅದಕ್ಕಿಂತ ಕಡಿಮೆ ಇದ್ದಾಗಲೇ ಬಣ್ಣದ ವಿವರ ಅರ್ಧಕ್ಕೆ ಇಳಿಯುವುದು. ಆ ಪ್ರತಿಯನ್ನು ತೆರೆದು, `Shift` ಒತ್ತಿಕೊಂಡೇ ಮೂಲ ಚಿತ್ರದ ಮೇಲೆ ಎಳೆದು ತಂದರೆ ಪಿಕ್ಸೆಲ್ ಕದಲದೆ ಅದೇ ಜಾಗದಲ್ಲಿ ಕೂರುತ್ತದೆ. ಅದರಿಂದ ಮುಖವನ್ನು ಮಾತ್ರ ಮಾಸ್ಕಿನಲ್ಲಿ ಉಳಿಸಿಕೊಳ್ಳಿ. ಅಳತೆ ಒಂದೇ ಆದ್ದರಿಂದ ಚೌಕಗಳ ಗೆರೆಗಳೂ ಪಕ್ಕದವರ ಗೆರೆಗಳೊಂದಿಗೆ ಕೂಡಿಕೊಳ್ಳುತ್ತವೆ. ಮೂಲವನ್ನು ಮೊದಲೇ ಕತ್ತರಿಸಿದ್ದರೆ ಅಥವಾ ಹಿಗ್ಗಿಸಿದ್ದರೆ ಇದು ಫಲಿಸುವುದಿಲ್ಲ, ಕಳಿಸಿದ ಕಡತವನ್ನೇ ತೆಗೆದುಕೊಂಡು ಮತ್ತೆ ಆರಂಭಿಸಬೇಕು.

ಆಲ್ಬಂ ಪ್ರಿಂಟಿನಲ್ಲಿ ಇದೆಲ್ಲ ಯಾರಿಗೆ ಕಾಣುತ್ತದೆ? ಸುಮ್ಮನೆ ಹೊತ್ತು ಹಾಳಲ್ಲವೇ?

ಅರ್ಧ ನಿಜ. 6000 ಪಿಕ್ಸೆಲ್ ಅಗಲದ ಚಿತ್ರ 18 ಇಂಚಿನ ಹಾಳೆಗೆ ಬಂದರೆ ಇಂಚಿಗೆ 333 ಪಿಕ್ಸೆಲ್. ಒಂದು ಪಿಕ್ಸೆಲ್ಲಿನ ನಾಯ್ಸ್ ಬರಿಗಣ್ಣಿಗೆ ಸಿಗುವುದು ಕಷ್ಟ. ಆದರೆ ಹರಿತದ ವ್ಯತ್ಯಾಸ ಆ ಪ್ರಿಂಟಿನಲ್ಲೂ ಕಾಣುತ್ತದೆ, ಆದ್ದರಿಂದ ಹೊತ್ತು ಕಡಿಮೆ ಇದ್ದರೆ ಬ್ಲರ್‌ಗೆ ಕೊಡಿ. ಈಗ ಮನೆಯವರು ಆಲ್ಬಂಗಿಂತ ಮೊದಲು ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನೋಡುತ್ತಾರೆ, ಅಲ್ಲಿ ಎಲ್ಲವೂ ಬಯಲು. ಹೊಂದಿಸುವ ಕೆಲಸವನ್ನು ಚಿತ್ರದ ಮೂಲ ಅಳತೆಯಲ್ಲೇ ಮುಗಿಸಿ, ಆಮೇಲೆ ಆಲ್ಬಂ ಪುಟಕ್ಕೆ ತನ್ನಿ. ಆಗ ಕುಗ್ಗಿದರೂ ಹಿಗ್ಗಿದರೂ ಎಲ್ಲರ ಮುಖವೂ ಒಟ್ಟಿಗೆ ಕುಗ್ಗುತ್ತದೆ, ಒಟ್ಟಿಗೆ ಹಿಗ್ಗುತ್ತದೆ.

ನೋಡಿ ನೋಡಿ ಕಣ್ಣು ಸೋಲುತ್ತದೆ. ಕೊನೆಯ ಪರೀಕ್ಷೆ ಹೇಗೆ?

100 ಪ್ರತಿಶತದಲ್ಲಿ ನೋಡಿ. 66.7ರಂಥ ಅಡ್ಡ ಅಳತೆಯಲ್ಲಿ ಪರದೆಯೇ ಪಿಕ್ಸೆಲ್‌ಗಳನ್ನು ಬೆರೆಸಿ ನಾಯ್ಸ್ ಅಡಗಿಸುತ್ತದೆ. ಆಮೇಲೆ ಎಲ್ಲಕ್ಕಿಂತ ಮೇಲೆ ಒಂದು `Curves` ಲೇಯರ್ ಹಾಕಿ, ಚರ್ಮದ ಬೆಳಕಿರುವ ಜಾಗದಲ್ಲಿ ಗೆರೆಯನ್ನು ಬಹುತೇಕ ನೆಟ್ಟಗೆ ನಿಲ್ಲಿಸಿ. ಚಿತ್ರ ವಿಕಾರವಾಗುತ್ತದೆ, ಆಗಲಿ. ಆ ವಿಕಾರದಲ್ಲಿ ಕಣ ಕಡಿಮೆ ಇರುವ ಜಾಗ ಮೊಂಡಾದ ತೇಪೆಯಾಗಿ ಎದ್ದು ನಿಲ್ಲುತ್ತದೆ. ತೇಪೆ ಕಾಣದಿದ್ದರೆ ಆ ಲೇಯರ್ ಅಳಿಸಿ ಫೋಟೊ ಉಳಿಸಿ.

ಇಷ್ಟು ಚೆನ್ನಾಗಿ ಹೊಂದಿಸಿದರೆ ಅಂಟಿಸಿದ್ದು ಎಂದು ಯಾರಿಗೂ ಪತ್ತೆಯಾಗುವುದಿಲ್ಲವೇ?

ಮನೆಗೆ ಬಂದ ನೆಂಟರಿಗೆ ಆಗುವುದಿಲ್ಲ, ವಿಧಿವಿಜ್ಞಾನದವರಿಗೆ ಆಗಬಹುದು. ಪ್ರತಿಯೊಂದು ಸೆನ್ಸರಿಗೂ ತನ್ನದೇ ಆದ, ಎಲ್ಲ ಫೋಟೊಗಳಲ್ಲೂ ಬೀಳುವ ಸೂಕ್ಷ್ಮ ನಾಯ್ಸ್ ಅಚ್ಚು ಇರುತ್ತದೆ. ಅದೇ ಕ್ಯಾಮೆರಾದ ಬೇರೆ ಫೋಟೊಗಳು ಸಿಕ್ಕರೆ ಆ ಅಚ್ಚು ಚಿತ್ರದ ಯಾವ ಭಾಗದಲ್ಲಿ ಇಲ್ಲ ಎಂದು ಹುಡುಕಬಹುದು. ನಾವು ಹೊಂದಿಸುವುದು ಏರುಪೇರಿನ ಪ್ರಮಾಣವನ್ನು, ಆ ಅಚ್ಚನ್ನಲ್ಲ. ಎರಡು ಸಲ ಒತ್ತಿದ ಜೆಪೆಗ್ಗಿನ ಗುರುತುಗಳೂ ಬೇರೆ ಉಳಿಯುತ್ತವೆ. ಈ ಪ್ರಶ್ನೆಯ ಹಿಂದೆಯೇ "ಆಸ್ತಿ ಭಾಗದ ದಿನ ತಮ್ಮನೂ ಅಲ್ಲಿದ್ದ ಎಂದು ತೋರಿಸಬೇಕಿತ್ತು" ಎಂಬ ಮಾತು ಒಂದೆರಡು ಸಲ ಬಂದದ್ದುಂಟು. ಆಲ್ಬಂಗೆ ಮುಚ್ಚಿದ ಕಣ್ಣು ತೆರೆಸಿಕೊಡುತ್ತೇನೆ, ದಾಖಲೆಗೆ ಮುಖ ಸೇರಿಸುವುದಿಲ್ಲ.